ಸ್ವಂತ ಕಾರಿಗೆ ಬೇರೆ ಎಫ್‌ಸಿ ಬೇಕಾ?

"ಹೊಸ ಕಾರಿನ ಆರ್‌ಸಿ ಬಂತು. ಎಫ್‌ಸಿ ಅಂತ ಬೇರೆ ಕಾಗದ ಕೊಟ್ಟಿಲ್ಲ. ಶೋರೂಮಿನವರು ಮರೆತರಾ?"

ಮರೆತಿಲ್ಲ. ಎಫ್‌ಸಿ ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ, ನಿಮಗೆ ಅದು ಸದ್ಯ ಬೇಡವೇ ಬೇಡ. ಬಿಳಿ ಬೋರ್ಡಿನ ಸ್ವಂತ ಗಾಡಿಗೆ ಆರ್‌ಸಿಯೇ 15 ವರ್ಷ ನಡೆಯುತ್ತದೆ. 2024ರ ಜೂನ್ 10ಕ್ಕೆ ನೋಂದಣಿಯಾಗಿದ್ದರೆ 2039ರ ಜೂನ್ 9ರವರೆಗೆ. ಆಮೇಲೆ ಫಾರಂ 25 ಕೊಟ್ಟು, ಗಾಡಿ ತೋರಿಸಿ, ಪಾಸಾದರೆ 5 ವರ್ಷಕ್ಕೆ ನವೀಕರಣ. ಅವಧಿ ಮುಗಿಯಲು 60 ದಿನ ಇರುವಾಗಿನಿಂದಲೇ ಅರ್ಜಿ ಹಾಕಬಹುದು.

ಹಳದಿ ಬೋರ್ಡಿನ ಕಥೆ ಬೇರೆ. ಟ್ಯಾಕ್ಸಿ, ಲಾರಿಗೆ ಆರ್‌ಸಿ ಜೊತೆ ಎಫ್‌ಸಿಯೂ ಇರಲೇಬೇಕು. ಹೊಸದಕ್ಕೆ 2 ವರ್ಷ, ಗಾಡಿಗೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದರೆ ಆ ಗಾಡಿ ನೋಂದಣಿಯೇ ಆಗಿಲ್ಲ ಅಂತ ಕಾನೂನು ನೋಡುತ್ತದೆ. ಜನ ಸುಮ್ನೆ ದಂಡ ಕಟ್ಟಿದರಾಯ್ತು ಅಂದುಕೊಳ್ಳುತ್ತಾರೆ, ಅಷ್ಟಕ್ಕೇ ನಿಲ್ಲುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ನಿಮ್ಮ ನೋಂದಣಿಗೆ ಶೋರೂಮಿನವರು ಫಾರಂ 20ರ ಅರ್ಜಿ, ಫಾರಂ 21ರ ಮಾರಾಟ ಪತ್ರ, ತಯಾರಕರ ಫಾರಂ 22, ವಿಮೆ ಎಲ್ಲ ಸೇರಿಸಿ, ತೆರಿಗೆ ಕಟ್ಟಿ ಆರ್‌ಟಿಒಗೆ ಕಳಿಸಿರುತ್ತಾರೆ. ಫಾರಂ 22 ಅಂದರೆ ಗಾಡಿ ರಸ್ತೆಗೆ ಯೋಗ್ಯ ಅಂತ ಕಂಪನಿ ಕೊಡುವ ಮಾತು.

ಈಗ ಒಂದೇ ಕೆಲಸ ಮಾಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿ ಮೇಲೆ ಕೊರೆದಿರುವುದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ವಿಮೆ ಪಾಲಿಸಿಯಲ್ಲೂ ಅದೇ ಇರಬೇಕು. ಒಂದು ಅಂಕಿ ತಪ್ಪಿದ್ದರೂ ಈಗಲೇ ತಿದ್ದಿಸಿ, ಮಾರುವಾಗ ತಿದ್ದಿಸುವುದು ತಲೆನೋವು ಜಾಸ್ತಿ.