ಮೊಡವೆಗೆ ಒಂದು, ಕಣ್ಣಡಿಯ ಕಪ್ಪಿಗೆ ಇನ್ನೊಂದು

"ತಂಗಿ ನಿಶ್ಚಿತಾರ್ಥದ 40 ಫೋಟೋ ಇದೆ. ಮೊಡವೆ, ಕಣ್ಣಡಿ ಕಪ್ಪು ತೆಗೀಬೇಕು. ಫ್ರೀ ಆ್ಯಪ್ ಸಾಕಾ, ಲೈಟ್‌ರೂಮ್ ಬೇಕಾ, ಜೆನರೇಟಿವ್ ಫಿಲ್ಲಾ?"

ಬರೀ ಮೊಡವೆಗಾದರೆ ಸ್ನ್ಯಾಪ್‌ಸೀಡ್ ಸಾಕು, ಕಾಸು ಬೇಡ. Healing ತೆರೆದು, ಚೆನ್ನಾಗಿ ಝೂಮ್ ಮಾಡಿ, ಒಂದೊಂದನ್ನೇ ಮುಟ್ಟಿ. ಝೂಮ್ ಮಾಡದಿದ್ದರೆ ಬ್ರಷ್ ದೊಡ್ಡದಾಗಿ, ಪಕ್ಕದ ಹುಬ್ಬಿನ ಕೂದಲು ಕೆನ್ನೆಗೆ ಅಂಟುತ್ತದೆ.

40 ಫೋಟೋಗೂ ಚರ್ಮ ಒಂದೇ ಹದದಲ್ಲಿ ಬೇಕೆಂದರೆ ಒಂದು ತಿಂಗಳ ಮಟ್ಟಿಗೆ ಲೈಟ್‌ರೂಮ್ ತಗೊಳ್ಳಿ. ಅದರ ಮಾಸ್ಕಿಂಗ್ ಮುಖದ ಚರ್ಮವನ್ನಷ್ಟೇ ತಾನೇ ಗುರುತಿಸುತ್ತದೆ. ಅಲ್ಲಿ Texture −15ರ ಆಸುಪಾಸಿಗೆ ಇಳಿಸಿ. −50ಕ್ಕೆ ಹೋದರೆ ಮುಖ ಮೇಣದ ಗೊಂಬೆ. ಈ ಮಾಸ್ಕನ್ನು ಉಳಿದ ಫೋಟೋಗಳಿಗೆ ಪೇಸ್ಟ್ ಮಾಡಿದರೆ ಪ್ರತಿಯೊಂದರಲ್ಲೂ ಮುಖ ಹೊಸದಾಗಿ ಹುಡುಕಿಕೊಳ್ಳುತ್ತದೆ. ಕಣ್ಣಡಿಗೆ ಮಾತ್ರ ಬ್ರಷ್ ಹಿಡಿದು Exposure +0.25ರಷ್ಟು ಏರಿಸಬೇಕು. ಬ್ರಷ್ ಮುಖದ ಜೊತೆ ಸರಿಯುವುದಿಲ್ಲ, ಹಾಗಾಗಿ ಅದನ್ನು ಒಂದೊಂದು ಫೋಟೋದಲ್ಲೂ ಕೈಯಾರೆ ಮಾಡಿ.

ಜೆನರೇಟಿವ್ ಫಿಲ್ ಅನ್ನು ದಯವಿಟ್ಟು ಮುಖಕ್ಕೆ ಹಾಕಬೇಡಿ. ಅದು ಇರುವುದನ್ನು ತಿದ್ದುವುದಿಲ್ಲ, ಹೊಸದಾಗಿ ಬರೆಯುತ್ತದೆ. ನಗು ಬೇರೆ ಯಾರದೋ ಆಗಿಬಿಡಬಹುದು. ಹಿಂದಿನ ಗೋಡೆಯ ವೈರು, ಸೀರೆ ಮೇಲಿನ ಕಲೆ, ಇಂಥದ್ದಕ್ಕೆ ಒಳ್ಳೆಯದು.