ಮುಂದಿನ ವರ್ಷದ ಕಲಿಕೆ: ಆಳಕ್ಕೆ ಡೇಟಾಬೇಸ್, ಅಗಲಕ್ಕೆ ಮಂಡಿ

ಪ್ರಶ್ನೆ: ಶಿವಮೊಗ್ಗದ ಸಣ್ಣ ಕಂಪನಿಯಲ್ಲಿ ಮೂರು ವರ್ಷದಿಂದ ಕೆಲಸ. ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡ್ತೀವಿ. ಪಿಎಚ್‌ಪಿ, ಪೋಸ್ಟ್‌ಗ್ರೆಸ್, ಸರ್ವರ್ ಎಲ್ಲಾ ಸ್ವಲ್ಪ ಸ್ವಲ್ಪ ಗೊತ್ತು, ಯಾವುದೂ ಪೂರ್ತಿ ಗೊತ್ತಿಲ್ಲ. ಒಂದರಲ್ಲಿ ಆಳ, ಉಳಿದದ್ದರಲ್ಲಿ ಅಗಲ, 'ಟಿ' ಆಕಾರ ಅಂತಾರಲ್ಲ, ಅದನ್ನ ಇಟ್ಕೊಂಡು ಮುಂದಿನ ಒಂದು ವರ್ಷ ಏನು ಕಲೀಬೇಕು ಅಂತ ಹೇಗೆ ಆರಿಸೋದು ಸರ್? ಕ್ಲೌಡ್, ರಿಯಾಕ್ಟ್, ಮೆಷಿನ್ ಲರ್ನಿಂಗ್ ಮೂರೂ ತಲೆಯಲ್ಲಿವೆ.

ಮೂರನ್ನೂ ಈ ವರ್ಷಕ್ಕೆ ಬಿಡಿ. ಆಳಕ್ಕೆ ಡೇಟಾಬೇಸ್ ಇಟ್ಟುಕೊಳ್ಳಿ, ಪೋಸ್ಟ್‌ಗ್ರೆಸ್ ಹೇಗೂ ಕೈಯಲ್ಲೇ ಇದೆ. ಅಗಲಕ್ಕೆ ಎರಡೇ ವಿಷಯ ಸಾಕು: ಮಂಡಿಯ ವ್ಯವಹಾರ, ಮತ್ತೆ ಆ ಡೇಟಾಬೇಸ್ ಓಡುವ ಲಿನಕ್ಸ್ ಸರ್ವರ್. ನಾನು ತೀರ್ಥಹಳ್ಳಿ ಕಡೆಯವನು, ಊರಿಂದಲೇ ಡೇಟಾಬೇಸ್ ಕೆಲಸ ಮಾಡುತ್ತೇನೆ. ಹಾಗಾಗಿ ಇವನು ತನ್ನ ಅಂಗಡಿಯ ಸರಕನ್ನೇ ಹೊಗಳುತ್ತಾನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಹೇಳುತ್ತೇನೆ, ಆಮೇಲೆ ನೀವೇ ನೋಡಿ.

ಆಳಕ್ಕೆ ಏನು ಅಂತ ಆರಿಸುವಾಗ ಕೆಲಸ ಹುಡುಕುವ ಸೈಟ್‌ಗಳನ್ನು ನೋಡಬೇಡಿ. ನಿಮ್ಮ ಆಫೀಸಿಗೆ ಕಳೆದ ಆರು ತಿಂಗಳಲ್ಲಿ ಬಂದ ದೂರುಗಳನ್ನು ತೆಗೆಯಿರಿ. ಅದರಲ್ಲಿ ಸರಿಹೋಯಿತು, ಆದರೆ ಯಾಕೆ ಸರಿಹೋಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ ಅನ್ನುವಂಥವನ್ನು ಬೇರೆ ಮಾಡಿ. ಇಂಥ ಸಾಫ್ಟ್‌ವೇರ್‌ನಲ್ಲಿ ಅವು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಸೀಸನ್ ಬಂದರೆ ರಿಪೋರ್ಟ್ ನಿಧಾನ. ಬೆಳೆಗಾರರ ಬಾಕಿ ತಾಳೆ ಆಗಲ್ಲ. ಒಂದೇ ಬಿಲ್ ಎರಡು ಸಲ ಏರಿದೆ. ಪರದೆಯ ಮೇಲೆ ಮೂರೂ ಬೇರೆ ಬೇರೆ ತೊಂದರೆ. ಅಗೆದು ನೋಡಿದರೆ ಮೂರರ ಬುಡವೂ ಡೇಟಾಬೇಸ್‌ನಲ್ಲೇ ಸಿಗುವುದು ಜಾಸ್ತಿ.

ಇನ್ನೊಂದು ವಿಷಯ, ಕಲಿತದ್ದನ್ನು ಮಾರನೇ ದಿನವೇ ಕೆಲಸದಲ್ಲಿ ಬಳಸೋಕೆ ಆಗಬೇಕು. ಮೆಷಿನ್ ಲರ್ನಿಂಗ್ ಕೋರ್ಸ್ ಮುಗಿಸಿದರೂ ನಿಮ್ಮ ಆಫೀಸಿನಲ್ಲಿ ಅದನ್ನು ಕೇಳುವವರಿಲ್ಲ, ಮರೆತೇ ಹೋಗುತ್ತದೆ. ಕ್ಲೌಡ್‌ಗೆ ಹೋದರೂ ಅಲ್ಲಿ ಓಡುವುದು ಇದೇ ಪೋಸ್ಟ್‌ಗ್ರೆಸ್. ಎಸ್‌ಕ್ಯೂಎಲ್ 1970ರ ದಶಕದ್ದು, ಇವತ್ತಿಗೂ ಊಟ ಹಾಕುತ್ತಿದೆ.

ಈಗ ಆಳ ಅಂದರೆ ಎಷ್ಟು ಆಳ? ಒಂದು ಉದಾಹರಣೆ ತಗೊಳ್ಳೋಣ. ಒಂದು ತಿಂಗಳಲ್ಲಿ ಬಂದ ಲಾಟ್‌ಗಳ ಪಟ್ಟಿ ಬೇಕು. `arrived_on` ಮೇಲೆ ಇಂಡೆಕ್ಸ್ ಇದೆ. ಆದರೂ ರಿಪೋರ್ಟ್ ತೆವಳುತ್ತದೆ.

```sql
SELECT * FROM lots
WHERE date_trunc('month', arrived_on) = '2024-11-01';
```

ಇದರ ಮುಂದೆ `EXPLAIN ANALYZE` ಹಾಕಿದರೆ `Seq Scan` ಅಂತ ಬರುತ್ತದೆ, ಅಂದರೆ ಟೇಬಲ್‌ನ ಸಾಲುಗಳನ್ನೆಲ್ಲ ಓದುತ್ತಿದೆ. ಇಂಡೆಕ್ಸ್‌ನಲ್ಲಿ ಜೋಡಿಸಿಟ್ಟಿರುವುದು ತಾರೀಖನ್ನು. ನೀವು ಕೇಳಿದ್ದು ತಾರೀಖನ್ನು ಒಂದು ಫಂಕ್ಷನ್ ಒಳಗೆ ಹಾಕಿ ಬಂದ ಉತ್ತರವನ್ನು. ಆ ಉತ್ತರ ಇಂಡೆಕ್ಸ್‌ನಲ್ಲಿ ಇಲ್ಲ. ಹೀಗೆ ಬರೆದರೆ ಸರಿಹೋಗುತ್ತದೆ:

```sql
WHERE arrived_on >= '2024-11-01'
  AND arrived_on <  '2024-12-01';
```

ಈ ಉಪಾಯವನ್ನು ಬಾಯಿಪಾಠ ಮಾಡುವುದು ಆಳ ಅಲ್ಲ. `EXPLAIN` ಓಡಿಸುವ ಮೊದಲು ಏನು ಬರುತ್ತದೆ ಅಂತ ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಓಡಿಸಿ, ತಪ್ಪಿದ್ದರೆ ಯಾಕೆ ತಪ್ಪಿತು ಅಂತ ಹುಡುಕುವುದು ಆಳ. ಉದಾಹರಣೆಗೆ ನೂರು ಸಾಲಿನ ಟೇಬಲ್ ಮೇಲೆ ಪರೀಕ್ಷೆ ಮಾಡಿದರೆ, ಇಂಡೆಕ್ಸ್ ಇದ್ದರೂ `Seq Scan` ಬರಬಹುದು. ಅಷ್ಟು ಸಣ್ಣ ಟೇಬಲ್ಲಿಗೆ ಅದೇ ಅಗ್ಗ. ಹಾಗಾಗಿ ಮನೆಯ ಲ್ಯಾಪ್‌ಟಾಪ್‌ನಲ್ಲಿ `generate_series` ಬಳಸಿ ಕೆಲವು ಲಕ್ಷ ಸುಳ್ಳು ಲಾಟ್‌ಗಳನ್ನು ಮಾಡಿಟ್ಟುಕೊಳ್ಳಿ. ಒಂದು ಎಚ್ಚರ: `EXPLAIN ANALYZE` ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. `UPDATE`, `DELETE` ಮೇಲೆ ಹಾಕುವಾಗ ಮೊದಲು `BEGIN`, ಕೊನೆಗೆ `ROLLBACK` ಮರೆಯಬೇಡಿ.

ಇನ್ನು ಅಗಲ. ಈ 'ಟಿ' ಆಕಾರದ ಮಾದರಿಯನ್ನು ಹೆಸರುವಾಸಿ ಮಾಡಿದವರಲ್ಲಿ ಐಡಿಯೋ ಅನ್ನುವ ವಿನ್ಯಾಸ ಕಂಪನಿಯ ಟಿಮ್ ಬ್ರೌನ್ ಒಬ್ಬರು. ಅವರ ಪ್ರಕಾರ ಅಡ್ಡಗೆರೆ ಅಂದರೆ ಬೇರೆ ಕೆಲಸದವರ ಜೊತೆ ಕೂಡಿ ದುಡಿಯುವ ಮನಸ್ಸು ಮತ್ತು ತಾಕತ್ತು. ನಮ್ಮವರು ಅದನ್ನು ಹತ್ತು ವಿಷಯಕ್ಕೆ ಹತ್ತು ಸರ್ಟಿಫಿಕೇಟ್ ಅಂತ ಮಾಡಿಕೊಂಡಿದ್ದಾರೆ. ಅಗಲಕ್ಕೆ ಏನು ಆರಿಸಬೇಕು ಅನ್ನುವುದಕ್ಕೆ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಗೊತ್ತಾದರೆ ನನ್ನ ಆಳದ ಕೆಲಸದಲ್ಲಿ ಯಾವುದಾದರೂ ತೀರ್ಮಾನ ಬದಲಾಗುತ್ತದಾ?

ಮಂಡಿ ವ್ಯವಹಾರವನ್ನೇ ಈ ಪ್ರಶ್ನೆಗೆ ಒಡ್ಡಿ ನೋಡಿ. ಒಂದು ದಿನ ರಜೆ ಹಾಕಿ ಮಂಡಿಯ ಗುಮಾಸ್ತರ ಪಕ್ಕ ಕೂತುಕೊಳ್ಳಿ. ಬೆಳೆಗಾರರು ಚೀಲ ಇಳಿಸುತ್ತಾರೆ, ತೂಕ ಆಗುತ್ತದೆ, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಅಂತ ಬರೆದುಕೊಳ್ಳುತ್ತಾರೆ. ಅವತ್ತೇ ಮಾರಬೇಕು ಅಂತೇನಿಲ್ಲ. ರೇಟು ಏರಲಿ ಅಂತ ಮಂಡಿಯಲ್ಲೇ ಬಿಟ್ಟು, ಅದರ ಮೇಲೆ ಮುಂಗಡ ತಗೊಂಡು ಹೋಗುವವರು ಎಷ್ಟೋ ಜನ. "ನಂದು ಎಷ್ಟು ಚೀಲ ಉಳಿದಿದೆ ನೋಡಿ ಭಟ್ರೇ" ಅಂತ ಆಗಾಗ ಬಂದು ಕೇಳುತ್ತಾರೆ.

ಈ ಒಂದು ಮಾತಿನಿಂದ ನಿಮ್ಮ ಟೇಬಲ್ ಬದಲಾಗುತ್ತದೆ. ಮೊದಲನೆಯದು, ಲಾಟ್‌ಗೆ ಒಂದೇ ತಾರೀಖು ಸಾಲದು. ಬಂದ ದಿನ ಬೇರೆ, ಮಾರಿದ ದಿನ ಬೇರೆ. ಎರಡನ್ನೂ ಒಂದೇ ಕಾಲಮ್‌ಗೆ ತುರುಕಿದರೆ ತಿಂಗಳ ಲೆಕ್ಕ ಯಾವತ್ತೂ ತಾಳೆ ಆಗುವುದಿಲ್ಲ. ಎರಡನೆಯದು, ಕೌಂಟರ್‌ನಲ್ಲಿ ಪದೇ ಪದೇ ಬರುವ ಪ್ರಶ್ನೆ ಮಾರದೆ ಉಳಿದ ಲಾಟ್‌ಗಳದ್ದು. ವರ್ಷಗಳ ಹಳೆಯ ಸಾಲುಗಳಲ್ಲಿ ಬಹುತೇಕ ಎಲ್ಲ ಮಾರಾಟ ಆಗಿರುತ್ತವೆ. ಹಾಗಾಗಿ ಇಂಡೆಕ್ಸನ್ನು ಉಳಿದವಕ್ಕೆ ಮಾತ್ರ ಹಾಕಬಹುದು:

```sql
CREATE INDEX ON lots (grower_id, arrived_on)
WHERE sold_on IS NULL;
```

ಇಂಡೆಕ್ಸ್ ಪುಟ್ಟದಾಗಿರುತ್ತದೆ. ಹುಡುಕುವ ಕ್ವೆರಿಯಲ್ಲೂ `sold_on IS NULL` ಅಂತ ಬರೆಯಬೇಕು, ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಇದನ್ನು ಮುಟ್ಟುವುದಿಲ್ಲ. `grower_id` ಮೊದಲು ಯಾಕೆ? ಕೌಂಟರ್‌ನಲ್ಲಿ ನಿಂತವರು ಕೇಳುವುದು ತಮ್ಮ ಒಬ್ಬರ ಖಾತೆಯನ್ನು. ಸಮ ಅಂತ ಹೋಲಿಸುವ ಕಾಲಮ್ ಮುಂದೆ, ಇಂತಿಷ್ಟರಿಂದ ಇಂತಿಷ್ಟರವರೆಗೆ ಅಂತ ಕೇಳುವುದು ಹಿಂದೆ. ಹಾಗಂತ ಸಿಕ್ಕ ಸಿಕ್ಕ ಕಾಲಮ್‌ಗೆಲ್ಲ ಇಂಡೆಕ್ಸ್ ಹಾಕಬೇಡಿ. ಹೊಸ ಲಾಟ್ ಬರೆದಾಗಲೆಲ್ಲ ಅಷ್ಟನ್ನೂ ತಿದ್ದಬೇಕು, ಸೀಸನ್‌ನಲ್ಲಿ ಅದೇ ಭಾರ ಆಗುತ್ತದೆ.

ಮುಂಗಡದ ವಿಷಯವೂ ಹೀಗೇ. ಒಬ್ಬರಿಗೆ 50,000 ರೂಪಾಯಿವರೆಗೆ ಮುಂಗಡ ಕೊಡಬಹುದು ಅಂತಿಟ್ಟುಕೊಳ್ಳಿ. ಅಪ್ಪ ಒಂದು ಕೌಂಟರ್‌ನಲ್ಲಿ 30,000 ಕೇಳಿದರು, ಅದೇ ಹೊತ್ತಿಗೆ ಮಗ ಇನ್ನೊಂದು ಕೌಂಟರ್‌ನಲ್ಲಿ ಅದೇ ಖಾತೆಗೆ 40,000 ಕೇಳಿದ. ಎರಡೂ ಕಡೆ ಪಿಎಚ್‌ಪಿ 50,000 ಇದೆ ಅಂತ ಓದುತ್ತದೆ, ಎರಡೂ ಕಡೆ ಸರಿ ಅನ್ನುತ್ತದೆ. ಕೊನೆಗೆ ಬರೆದವನು ಮಗನಾದರೆ ಡೇಟಾಬೇಸ್‌ನಲ್ಲಿ 10,000 ಉಳಿದಿದೆ ಅಂತ ಕಾಣುತ್ತದೆ. ಪೆಟ್ಟಿಗೆಯಿಂದ ಹೋದದ್ದು 70,000! ಟ್ರಾನ್ಸಾಕ್ಷನ್ ಒಳಗೇ ಇಟ್ಟಿದ್ದೀವಲ್ಲ ಅನ್ನಬಹುದು. ಪೋಸ್ಟ್‌ಗ್ರೆಸ್ ತಾನಾಗಿ ಇಟ್ಟುಕೊಳ್ಳುವ ಮಟ್ಟ `READ COMMITTED`. ಅದು ಇದನ್ನು ತಡೆಯುವುದಿಲ್ಲ. ಮೊದಲು ಓದುವಾಗಲೇ `SELECT ... FOR UPDATE` ಹಾಕಿ ಆ ಸಾಲನ್ನು ಹಿಡಿದಿಟ್ಟುಕೊಳ್ಳಬೇಕು. ಆಗ ಎರಡನೆಯವರು ಮೊದಲನೆಯದು ಮುಗಿಯುವವರೆಗೆ ಕಾಯುತ್ತಾರೆ, ಆಮೇಲೆ 20,000 ಅಂತ ಸರಿಯಾಗಿ ಓದುತ್ತಾರೆ. `psql` ಕಿಟಕಿ ಎರಡು ಪಕ್ಕಪಕ್ಕ ತೆಗೆದು ಇದನ್ನು ಕೈಯಾರೆ ಮಾಡಿ ನೋಡಿ. ಎರಡನೇ ಕಿಟಕಿ ಸುಮ್ನೆ ನಿಂತುಬಿಡುವುದನ್ನು ಒಮ್ಮೆ ನೋಡಿದರೆ ಲಾಕ್ ಅಂದರೆ ಏನು ಅಂತ ಮತ್ತೆ ಓದಬೇಕಾಗಿಲ್ಲ.

ಲಿನಕ್ಸ್ ಅಗಲ ಇದಕ್ಕಿಂತ ಸಣ್ಣದು. ಲಾಗ್ ಎಲ್ಲಿದೆ, ಡಿಸ್ಕ್ ತುಂಬಿದೆಯಾ, `pg_dump` ತೆಗೆದ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ತಿರುಗಿ ಏರಿಸಿ ನೋಡಿದ್ದೀರಾ. ಅಷ್ಟು ಬಂದರೆ ನಿಲ್ಲಿಸಿ. ಏರಿಸಿ ನೋಡದ ಬ್ಯಾಕಪ್ಪನ್ನು ನಾನಂತೂ ಬ್ಯಾಕಪ್ ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಸಮಯದ ಲೆಕ್ಕ ಹಾಕುವಾಗ ನಮ್ಮ ಕಡೆಯ ವರ್ಷ ಹೇಗಿರುತ್ತದೆ ಅಂತ ನೋಡಿ ಹಾಕಿ. ವಾರಕ್ಕೆ ಐದು ಗಂಟೆ ಅಂದರೆ ಕಾಗದದ ಮೇಲೆ 260 ಗಂಟೆ. ಮದುವೆ ಮನೆ, ಹಬ್ಬ, ತೋಟ ಇದ್ದರೆ ಔಷಧಿ ಹೊಡೆಸುವುದು, ಕೊಯ್ಲು ಎಲ್ಲ ಕಳೆದು 160 ಸಿಕ್ಕರೆ ಪುಣ್ಯ. ಅದರಲ್ಲಿ 110 ಆಳಕ್ಕೆ, 35 ಅಗಲಕ್ಕೆ. ಉಳಿದ 15ಕ್ಕೆ ಯಾವ ಲೆಕ್ಕವೂ ಬೇಡ, ರಿಯಾಕ್ಟ್ ನೋಡಬೇಕು ಅನ್ನಿಸಿದರೆ ಅದರಲ್ಲೇ ನೋಡಿ.

ಮಳೆಗಾಲದಲ್ಲಿ ಇಂಡೆಕ್ಸ್ ಮತ್ತು `EXPLAIN` ಇಟ್ಟುಕೊಳ್ಳಿ. ಜೂನ್‌ನಿಂದ ಕರೆಂಟು, ನೆಟ್ಟು ಎರಡನ್ನೂ ನಂಬುವ ಹಾಗಿಲ್ಲ. ಪೋಸ್ಟ್‌ಗ್ರೆಸ್ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ, ಅದರ ಕೈಪಿಡಿ ಪಿಡಿಎಫ್ ಆಗಿ ಬಿಟ್ಟಿ ಸಿಗುತ್ತದೆ, ಮೊದಲೇ ಇಳಿಸಿಟ್ಟುಕೊಳ್ಳಿ. ಕ್ಲೌಡ್ ಆಗಿದ್ದರೆ ಎರಡು ತಿಂಗಳು ಹಾಗೇ ಹೋಗುತ್ತಿತ್ತು ಅಲ್ವಾ. ಮಳೆ ಕಡಿಮೆಯಾದ ಮೇಲೆ ಟ್ರಾನ್ಸಾಕ್ಷನ್ ಮತ್ತು ಲಾಕ್. ಕೊಯ್ಲು ಶುರುವಾಗಿ ಮಂಡಿಗೆ ಮಾಲು ಬರುವ ತಿಂಗಳುಗಳಲ್ಲಿ ಹೊಸದೇನೂ ಬೇಡ. ಆಗ ನಿಮ್ಮದೇ ಸಾಫ್ಟ್‌ವೇರ್‌ನಲ್ಲಿ ನಿಧಾನವಾಗುವ ಕ್ವೆರಿಗಳನ್ನು ಗುರುತು ಹಾಕಿಕೊಳ್ಳಿ, `log_min_duration_statement` ಅನ್ನುವ ಸೆಟ್ಟಿಂಗ್ ಇದಕ್ಕೇ ಇದೆ. ಅವನ್ನು ಬೇಸಿಗೆಯಲ್ಲಿ ಒಂದೊಂದಾಗಿ ಬಿಡಿಸಿ. ಮಂಡಿಯಲ್ಲಿ ಕೂರುವ ದಿನಗಳನ್ನು ಸೀಸನ್‌ನ ಗಡಿಬಿಡಿಗೆ ಮುಂಚೆಯೇ ಮುಗಿಸಿಕೊಳ್ಳಿ. ಆಮೇಲೆ ಗುಮಾಸ್ತರಿಗೆ ನಿಮ್ಮ ಹತ್ತಿರ ಮಾತಾಡೋಕೆ ಪುರುಸೊತ್ತಿರುವುದಿಲ್ಲ.

ಆರಿಸಿದ್ದು ಸರಿಯಾಗಿಲ್ಲ ಅಂತ ಹೇಗೆ ಗೊತ್ತಾಗುತ್ತದೆ? ಕಾಗದದ ಮೇಲೆ ಬರೆದಿಟ್ಟ ಊಹೆಗಳನ್ನು ಎರಡು ತಿಂಗಳಾದ ಮೇಲೆ ತಿರುಗಿ ನೋಡಿ. ತಪ್ಪುಗಳು ಹಾಗೇ ಇದ್ದರೆ ನೀವು ವಿಡಿಯೋ ಜಾಸ್ತಿ ನೋಡುತ್ತಿದ್ದೀರಿ, ಕೈಯಾಡಿಸುತ್ತಿಲ್ಲ. ಊಹೆಯನ್ನೇ ಬರೆದಿಲ್ಲ, ಆ ಹೊತ್ತಲ್ಲಿ ಪರದೆಯ ಬಣ್ಣ, ಬಟನ್ ಸರಿಮಾಡುತ್ತ ಖುಷಿಯಾಗಿದ್ದೆ ಅಂತಾದರೆ ನಿಮ್ಮ ಆಳ ಡೇಟಾಬೇಸ್ ಅಲ್ಲವೇ ಅಲ್ಲ, ಆ ಕಡೆ ಇದೆ. ಆಗ ಆ 15 ಗಂಟೆಯನ್ನೂ 110 ಗಂಟೆಯನ್ನೂ ಅದಲುಬದಲು ಮಾಡಿಕೊಳ್ಳಿ. ಎರಡೇ ತಿಂಗಳು ಹೋಗಿರುತ್ತದೆ, ಮಂಡಿಯಲ್ಲಿ ಕೂತು ತಿಳಿದುಕೊಂಡದ್ದು ಪರದೆಯ ಕೆಲಸಕ್ಕೂ ಬರುತ್ತದೆ.