ಸಜೆಸ್ಟೆಡ್ ಆದಮೇಲೆ ‘ಸ್ಟೇ’ನಾ, ‘ಸ್ಟೇಸ್’ನಾ, ‘ಸ್ಟೇಡ್’ನಾ?

“ಹಳ್ಳಿಯ ಹುಡುಗಿಯೊಬ್ಬಳು ಹೇಳುವ ಕಥೆಯನ್ನು ಇಂಗ್ಲಿಷಿಗೆ ತರ್ತಿದ್ದೀನಿ. ಅದರಲ್ಲಿ ‘ಅಪ್ಪ ಒಂದು ವಾರ ಮನೆಯಲ್ಲೇ ಇರಲಿ ಅಂದರು ಡಾಕ್ಟರು’ ಅನ್ನೋ ಸಾಲಿಗೆ ‘ದ ಡಾಕ್ಟರ್ ಸಜೆಸ್ಟೆಡ್ ದಟ್ ಫಾದರ್ ಸ್ಟೇ ಅಟ್ ಹೋಮ್ ಫಾರ್ ಅ ವೀಕ್’ ಅಂತ ಅನುವಾದ ಮಾಡಿದೆ. ಗೆಳತಿ ‘ಸ್ಟೇಡ್’ ಅಂತ ತಿದ್ದಿದಳು. ಮಗ ‘ಸ್ಟೇಸ್’ ಅಂತಾನೆ. ಯಾವುದು ಸರಿ? ಹಾಗೇ ‘ಇಫ್ ಐ ವರ್ ಯು’ನಲ್ಲಿ ‘ಐ’ ಜೊತೆ ‘ವರ್’ ಹೇಗೆ ಬಂತು?”

ಅಕ್ಕಾ, ನೀವು ಬರೆದದ್ದೇ ಸರಿ. ತಿದ್ದಬೇಡಿ. ಆದರೆ ಈ ಥ್ರೆಡ್‌ನಲ್ಲಿ ಮೇಲೆ ಬಂದ ಉತ್ತರಗಳಲ್ಲಿ ಕೆಲವು ಒಂದಕ್ಕೊಂದು ಅಡ್ಡ ಬರುತ್ತಿವೆ, ಅದಕ್ಕೆ ಸ್ವಲ್ಪ ಉದ್ದ ಬರೀತಿದ್ದೀನಿ.

ನಿಮ್ಮ ಕನ್ನಡ ಸಾಲನ್ನೇ ನೋಡಿ. ‘ಅಪ್ಪ ಇರಲಿ’ ಅಂದಿದ್ದಾರೆ ಡಾಕ್ಟರು, ‘ಅಪ್ಪ ಇದ್ದಾರೆ’ ಅಂದಿಲ್ಲ. ‘ಇದ್ದಾರೆ’ ಅಂದರೆ ನಡೆದಿರುವ ಸಂಗತಿ, ಅದು ನಿಜವೋ ಸುಳ್ಳೋ ಅಂತ ಕೇಳಬಹುದು. ‘ಇರಲಿ’ ಅನ್ನೋದಕ್ಕೆ ನಿಜ ಸುಳ್ಳು ಇಲ್ಲ, ಅದು ಆಗಬೇಕಾದ ಕೆಲಸ. ಇಂಗ್ಲಿಷಿನಲ್ಲಿ ಆಗಬೇಕಾದದ್ದನ್ನು ಹೇಳುವಾಗ ಕ್ರಿಯಾಪದ ಬರೀ ಮೈಯಲ್ಲಿ ಬರುತ್ತದೆ. ‘ಎಸ್’ ಇಲ್ಲ, ‘ಇಡಿ’ ಇಲ್ಲ. ಡಾಕ್ಟರು ನಿನ್ನೆ ಹೇಳಿರಲಿ, ಇವತ್ತು ಹೇಳಲಿ, ನಾಳೆ ಹೇಳಲಿ, ಒಳಗಿನ ‘ಸ್ಟೇ’ ಅಲ್ಲಾಡಲ್ಲ. ಸಜೆಸ್ಟ್ಸ್ ದಟ್ ಹಿ ಸ್ಟೇ, ಸಜೆಸ್ಟೆಡ್ ದಟ್ ಹಿ ಸ್ಟೇ, ವಿಲ್ ಸಜೆಸ್ಟ್ ದಟ್ ಹಿ ಸ್ಟೇ. ನಿಮ್ಮ ಮಗ ‘ಹಿ’ ಬಂದ ಕೂಡಲೇ ‘ಎಸ್’ ಹಚ್ಚುವ ಶಾಲೆಯ ನಿಯಮ ಹಿಡಿದಿದ್ದಾನೆ, ಗೆಳತಿ ‘ಸಜೆಸ್ಟೆಡ್’ ಇದ್ದರೆ ಮುಂದಿನದೂ ಭೂತಕಾಲಕ್ಕೆ ಹೋಗಬೇಕು ಅನ್ನುವ ನಿಯಮ ಹಿಡಿದಿದ್ದಾರೆ. ಎರಡೂ ಒಳ್ಳೆಯ ನಿಯಮಗಳೇ. ಇಲ್ಲಿ ಎರಡೂ ನಡೆಯಲ್ಲ, ಅಷ್ಟೇ.

‘ಸ್ಟೇಡ್’ ಅಂತ ತಿದ್ದಿದರೆ ತೊಂದರೆ ಏನು ಅಂತೀರಾ? ಇಂಗ್ಲೆಂಡಿನವರು ಮಾತಿನಲ್ಲಿ ಹಾಗೆ ಅನ್ನುವುದುಂಟು, ಸಂದರ್ಭ ಗೊತ್ತಿದ್ದರೆ ಅರ್ಥವೂ ಆಗುತ್ತದೆ. ಅದನ್ನು ಶುದ್ಧ ತಪ್ಪು ಅನ್ನಲಾರೆ. ಆದರೆ ಓದುವವರಿಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ: ‘ಅಪ್ಪ ಒಂದು ವಾರ ಮನೆಯಲ್ಲಿದ್ದಿರಬೇಕು ಅಂತ ಡಾಕ್ಟರು ಊಹಿಸಿದರು.’ ಸಲಹೆ ಹೋಗಿ ಪತ್ತೇದಾರಿ ಆಯಿತು. ನಿಮ್ಮ ಕಥೆಗೆ ಅದು ಬೇಡ ಅಲ್ವಾ.

ಮೇಷ್ಟ್ರು ಮೇಲೆ ‘ಇನ್ಸಿಸ್ಟ್’ ನೋಡಿ ಅಂತ ಒಂದೇ ಸಾಲು ಬರೆದು ಹೋಗಿದ್ದಾರೆ. ಯಾರೂ ಗಮನಿಸಿಲ್ಲ, ಆದರೆ ಇಡೀ ಥ್ರೆಡ್‌ನಲ್ಲಿ ಅದೇ ಮುಖ್ಯವಾದ ಮಾತು. ಎರಡು ವಾಕ್ಯ ಪಕ್ಕಪಕ್ಕ ಇಡ್ತೀನಿ.

ದ ಮ್ಯಾನೇಜರ್ ಇನ್ಸಿಸ್ಟೆಡ್ ದಟ್ ದ ವಾಚ್‌ಮನ್ ವಾಸ್ ಅಟ್ ದ ಗೇಟ್.
ದ ಮ್ಯಾನೇಜರ್ ಇನ್ಸಿಸ್ಟೆಡ್ ದಟ್ ದ ವಾಚ್‌ಮನ್ ಬಿ ಅಟ್ ದ ಗೇಟ್.

ಬದಲಾಗಿದ್ದು ಒಂದೇ ಪದ. ಮೊದಲನೆಯದರಲ್ಲಿ ಕಳ್ಳತನ ಆಗಿಹೋಗಿದೆ ಅಂತಿಟ್ಟುಕೊಳ್ಳಿ. ವಾಚ್‌ಮನ್ ಗೇಟಿನ ಹತ್ತಿರವೇ ಇದ್ದ ಅಂತ ಮ್ಯಾನೇಜರು ಹಟ ಹಿಡಿದು ಸಾಧಿಸುತ್ತಿದ್ದಾನೆ. ಎರಡನೆಯದರಲ್ಲಿ ವಾಚ್‌ಮನ್ ಅಲ್ಲಿ ಇರಲೇಬೇಕು ಅಂತ ತಾಕೀತು ಮಾಡುತ್ತಿದ್ದಾನೆ. ಪೊಲೀಸ್ ದೂರಿನ ಅನುವಾದದಲ್ಲಿ ಇದು ತಲೆಕೆಳಗಾದರೆ ವಾಚ್‌ಮನ್ ಪಾಡು ಏನು! ‘ಸಜೆಸ್ಟ್’ ಕೂಡ ಇದೇ ಜಾತಿ. ‘ದ ಎಕ್ಸ್‌ರೇ ಸಜೆಸ್ಟ್ಸ್ ದಟ್ ಹಿ ಹ್ಯಾಸ್ ಅ ಫ್ರಾಕ್ಚರ್’ ಅನ್ನುವಲ್ಲಿ ‘ಹ್ಯಾವ್’ ಹಾಕಿದರೆ ಎಕ್ಸ್‌ರೇ ಅವರಿಗೆ ಮೂಳೆ ಮುರಿದುಕೊಳ್ಳಿ ಅಂತ ಸಲಹೆ ಕೊಟ್ಟ ಹಾಗಾಗುತ್ತದೆ. ಅಲ್ಲಿ ಸಲಹೆ ಇಲ್ಲ, ಸುಳಿವು ಮಾತ್ರ ಇದೆ. ಹಾಗಾಗಿ ‘ಸಜೆಸ್ಟ್ ಬಂದರೆ ಎಸ್ ತೆಗಿ’ ಅಂತ ಬಾಯಿಪಾಠ ಮಾಡಿದರೆ ಕೈ ಕೊಡುತ್ತದೆ. ‘ಲಿ’ ಹಚ್ಚಿ ನೋಡುವುದೇ ಒಳ್ಳೆಯದು. ಇರಲಿ, ಹೋಗಲಿ, ಮಾಡಲಿ ಅಂತ ಕನ್ನಡದಲ್ಲಿ ಬಂದರೆ ಬರೀ ರೂಪ. ಇದ್ದಾನೆ, ಹೋಗ್ತಾನೆ, ಮಾಡಿದ ಅಂತ ಬಂದರೆ ಮಾಮೂಲಿ ರೂಪ.

ಈ ‘ಲಿ’ ಪರೀಕ್ಷೆಗೂ ಒಂದು ಮಿತಿ ಇದೆ. ‘ಬೇಗ ಹುಷಾರಾಗಲಿ ಅಂತ ಆಶಿಸ್ತೀನಿ’ ಅನ್ನುತ್ತೇವೆ, ‘ಲಿ’ ಬಂತು. ಆದರೂ ಇಂಗ್ಲಿಷಿನಲ್ಲಿ ‘ಐ ಹೋಪ್ ಹಿ ಗೆಟ್ಸ್ ವೆಲ್ ಸೂನ್’ ಅನ್ನಬೇಕು, ‘ಗೆಟ್’ ಅಲ್ಲ. ‘ವಾಂಟ್’ ಅಂತೂ ‘ದಟ್’ ಅನ್ನೇ ಸೇರಿಸಲ್ಲ, ‘ವಾಂಟ್ ಹಿಮ್ ಟು ಗೋ’ ಅಷ್ಟೇ. ಬರೀ ರೂಪ ಬರುವುದು ಸಲಹೆ, ಬೇಡಿಕೆ, ಆಗ್ರಹ, ಆದೇಶದ ಕ್ರಿಯಾಪದಗಳು ಆದಮೇಲೆ: ಸಜೆಸ್ಟ್, ರೆಕಮೆಂಡ್, ಡಿಮಾಂಡ್, ಇನ್ಸಿಸ್ಟ್, ಪ್ರೊಪೋಸ್. ಜೊತೆಗೆ ‘ಇಟ್ ಈಸ್ ಎಸೆನ್ಷಿಯಲ್ ದಟ್’ ಥರದವು. ಬರೀ ಆಸೆಗೆ ಇಲ್ಲ.

‘ಬೇಡ’ ಅಂತ ಹೇಳುವಾಗ ಈ ಬರೀ ರೂಪ ಇನ್ನೂ ವಿಚಿತ್ರವಾಗಿ ಕೇಳಿಸುತ್ತದೆ. ನಿಮ್ಮ ಕಥೆಯಲ್ಲೇ ಮುಂದೆ ಡಾಕ್ಟರು ‘ಮೆಟ್ಟಿಲು ಹತ್ತೋದು ಬೇಡ’ ಅಂತಾರೆ ಅನ್ನೋಣ. ‘ಸಜೆಸ್ಟೆಡ್ ದಟ್ ಹಿ ನಾಟ್ ಕ್ಲೈಂಬ್ ದ ಸ್ಟೇರ್ಸ್.’ ‘ಡಸಂಟ್’, ‘ಡಿಡಂಟ್’ ಯಾವುದೂ ಬೇಕಾಗಿಲ್ಲ, ‘ನಾಟ್’ ಒಂದನ್ನೇ ಮುಂದೆ ತಂದಿಡಿ. ಕಿವಿಗೆ ಅರ್ಧಕ್ಕೇ ನಿಂತ ವಾಕ್ಯದ ಹಾಗಿರುತ್ತದೆ, ಆದರೆ ಸರಿ.

ಇನ್ನು, ‘ಮಧ್ಯೆ ಶುಡ್ ಬಿಟ್ಟುಹೋಗಿದೆ, ಹಿ ಶುಡ್ ಸ್ಟೇ ಅನ್ನೋದೇ ಮೂಲ’ ಅಂತ ಬರೆದ ಸರ್‌ಗೆ: ಅರ್ಧ ಒಪ್ತೀನಿ. ‘ಶುಡ್ ಸ್ಟೇ’ ಅಂತ ಬರೆದರೆ ಅದೂ ಸರಿಯೇ, ಬ್ರಿಟನ್ನಿನಲ್ಲಿ ಬಹಳ ಕಾಲದಿಂದ ಅದೇ ಹೆಚ್ಚು ರೂಢಿ. ಅಮೆರಿಕದವರು ಬರೀ ‘ಸ್ಟೇ’ ಬಳಸೋದು ಜಾಸ್ತಿ. ಅನುಮಾನ ಬಂದಾಗ ‘ಶುಡ್’ ಸೇರಿಸಿ ನೋಡುವುದೂ ಒಳ್ಳೆಯ ಉಪಾಯ. ಆದರೆ ಇತಿಹಾಸ ಹಾಗಿಲ್ಲ. ಬರೀ ರೂಪವೇ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ತನ್ನದೇ ಪ್ರತ್ಯಯಗಳಿದ್ದವು, ಕಾಲಕ್ರಮೇಣ ಸವೆದು ಹೋಗಿ ಬೋಳಾಗಿ ಉಳಿಯಿತು. ಕಾನ್ವೆಂಟ್‌ನಲ್ಲಿ ಓದಿದವರು ಬೆಳಗಿನ ಪ್ರಾರ್ಥನೆ ನೆನಪಿಸಿಕೊಳ್ಳಿ. ‘ದೈ ಕಿಂಗ್‌ಡಮ್ ಕಮ್, ದೈ ವಿಲ್ ಬಿ ಡನ್.’ ‘ಕಮ್ಸ್’ ಅಲ್ಲ, ‘ಈಸ್’ ಅಲ್ಲ. ಅಲ್ಲಿ ಯಾವ ‘ಶುಡ್’ ಬಿಟ್ಟುಹೋಗಿದೆ? ಕನ್ನಡ ಬೈಬಲ್‌ನಲ್ಲಿ ಅದೇ ಮಾತು ‘ನಿನ್ನ ರಾಜ್ಯವು ಬರಲಿ’ ಅಂತಿದೆ. ಅಲ್ಲೂ ‘ಲಿ’ಯೇ.

ನಮ್ಮ ಕಡೆಯವರು ಹೆಚ್ಚು ಎಡವುವುದು ಮಾತ್ರ ಬೇರೆ ಕಡೆ: ‘ಹಿ ಸಜೆಸ್ಟೆಡ್ ಮಿ ಟು ಗೋ.’ ಆಫೀಸಿನ ಮೇಲ್‌ಗಳಲ್ಲಿ ದಿನಾ ಕಾಣುತ್ತದೆ. ‘ಅಡ್ವೈಸ್’, ‘ಆಸ್ಕ್’, ‘ಟೆಲ್’ ಆದಮೇಲೆ ‘ಮಿ ಟು ಗೋ’ ಸರಿ. ‘ಸಜೆಸ್ಟ್’ ಆದಮೇಲೆ ಆಗಲ್ಲ. ಮೇಲೆ ಒಬ್ಬರು ನಿಮ್ಮ ಸಾಲನ್ನೂ ಹೀಗೇ ತಿದ್ದಿಕೊಟ್ಟಿದ್ದಾರೆ, ದಯವಿಟ್ಟು ತೊಗೋಬೇಡಿ.

‘ವರ್’ ವಿಷಯಕ್ಕೆ ಬರ್ತೀನಿ. ‘ಎದುರಿಗಿರುವವರಿಗೆ ಗೌರವ ಕೊಡೋಕೆ ಬಹುವಚನ, ನಾವು ಅವರು-ಇವರು ಅನ್ನಲ್ವಾ, ಹಾಗೆ’ ಅಂತ ಒಬ್ಬರು ಬರೆದಿದ್ದಾರೆ. ಕಲ್ಪನೆ ಚೆನ್ನಾಗಿದೆ, ಆದರೆ ಅಲ್ಲ ಸ್ವಾಮಿ. ‘ಇಫ್ ದ ಡಾಗ್ ವರ್ ಮೈನ್’ ಅಂತಲೂ ಹೇಳುತ್ತಾರೆ, ನಾಯಿಗೆ ಯಾವ ಗೌರವ? ಇಲ್ಲಿರುವುದು ಊಹೆ. ನಾನು ನೀವಲ್ಲ, ಆಗುವುದೂ ಇಲ್ಲ, ಆದರೂ ಆಗಿದ್ದೇನೆ ಅಂದುಕೊಂಡು ಮಾತಾಡುತ್ತಿದ್ದೇನೆ. ಇಂಥ ಊಹೆಗೆ ಇಂಗ್ಲಿಷು ಭೂತಕಾಲದ ರೂಪ ಬಳಸುತ್ತದೆ: ‘ಇಫ್ ಐ ನ್ಯೂ ಹಿಸ್ ನಂಬರ್’, ‘ಇಫ್ ಐ ಹ್ಯಾಡ್ ಅ ಕಾರ್’. ‘ಬಿ’ ಒಂದಕ್ಕೆ ಮಾತ್ರ ಊಹೆಯ ಹಳೆಯ ರೂಪ ಬೇರೆಯಾಗಿ ಉಳಿದುಕೊಂಡಿದೆ, ಅದೇ ‘ವರ್’. ಅದು ಬಹುವಚನದ ‘ವರ್’ ಥರವೇ ಕಾಣುತ್ತದೆ, ಅದರಿಂದಲೇ ಈ ಗೊಂದಲ.

ಆದರೆ ‘ಇಫ್’ ಕಂಡಲ್ಲೆಲ್ಲ ‘ವರ್’ ಹಾಕಬೇಡಿ. ‘ನಿನ್ನೆ ನಾನು ಒರಟಾಗಿ ಮಾತಾಡಿದ್ದರೆ ಕ್ಷಮಿಸಿ’ ಅನ್ನುವುದಕ್ಕೆ ‘ಇಫ್ ಐ ವಾಸ್ ರೂಡ್ ಯೆಸ್ಟರ್‌ಡೇ, ಐ ಆಮ್ ಸಾರಿ’. ಮಾತಾಡಿರಲೂಬಹುದು, ಊಹೆ ಅಲ್ಲ. ‘ಹಿ ಆಸ್ಕ್ಡ್ ಇಫ್ ಐ ವಾಸ್ ರೆಡಿ’ಯಲ್ಲೂ ‘ವಾಸ್’. ಅಲ್ಲಿ ‘ಇಫ್’ ಕೇಳುವುದು ‘ರೆಡಿನಾ ಇಲ್ವಾ’ ಅಂತ ಮಾತ್ರ. ವ್ಯಾಕರಣ ಚೆನ್ನಾಗಿ ಗೊತ್ತು ಅಂತ ತೋರಿಸಲು ಹೋದವರು ಅಲ್ಲಿ ‘ವರ್’ ಹಾಕಿ ಸಿಕ್ಕಿಬೀಳುತ್ತಾರೆ. ಕನ್ನಡದವರಿಗೆ ಇಲ್ಲಿ ತೊಡಕಾಗಲು ಕಾರಣವೂ ಇದೆ. ‘ಬಂದರೆ’ ನಮಗೆ ನಿಜವಾಗಿ ಬರಬಹುದಾದ ಮಳೆಗೂ ನಡೆಯುತ್ತದೆ, ‘ನಾಳೆಯೇ ಕೋಟಿ ರೂಪಾಯಿ ಬಂದರೆ’ ಅನ್ನುವ ಹಗಲುಗನಸಿಗೂ ನಡೆಯುತ್ತದೆ. ಇಂಗ್ಲಿಷು ಎರಡನ್ನೂ ಬೇರೆ ಮಾಡುತ್ತದೆ.

ಊಹೆಯಲ್ಲೇ ‘ಇಫ್ ಐ ವಾಸ್ ಯು’ ಅಂದರೆ ತಪ್ಪಾ? ಇದರಲ್ಲಿ ಮೇಷ್ಟ್ರಿಗೂ ನನಗೂ ಒಮ್ಮತ ಇಲ್ಲ. ಅವರು ಕೆಂಪು ಗೀಟು ಎಳೆಯುತ್ತಾರೆ. ಇಂಗ್ಲಿಷ್ ಮನೆಮಾತಿನವರೇ ಮಾತಿನಲ್ಲಿ ಧಾರಾಳವಾಗಿ ಹೇಳುತ್ತಾರೆ, ಪಾತ್ರದ ಬಾಯಲ್ಲಿ ಬಂದರೆ ಬಿಟ್ಟುಬಿಡಿ ಅನ್ನುವುದು ನನ್ನ ಲೆಕ್ಕ. ನಿರೂಪಣೆಯಲ್ಲಿ, ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಮಾತ್ರ ‘ವರ್’ ಇರಲಿ.

ನಿಮ್ಮ ಸಾಲಿನ ಬಗ್ಗೆ ಇನ್ನೊಂದು ಮಾತು. ವ್ಯಾಕರಣ ಸರಿ ಇದ್ದರೂ ‘ಸಜೆಸ್ಟೆಡ್ ದಟ್ ಫಾದರ್ ಸ್ಟೇ’ ಸ್ವಲ್ಪ ಇಸ್ತ್ರಿ ಮಾಡಿದ ಇಂಗ್ಲಿಷು. ಕಥೆ ಹೇಳುತ್ತಿರುವುದು ಹಳ್ಳಿಯ ಹುಡುಗಿ ಅಂದಿದ್ದೀರಿ. ಅವಳ ಬಾಯಿಗೆ ‘ದ ಡಾಕ್ಟರ್ ಟೋಲ್ಡ್ ಫಾದರ್ ಟು ಸ್ಟೇ ಹೋಮ್ ಫಾರ್ ಅ ವೀಕ್’ ಹೆಚ್ಚು ಹೊಂದುತ್ತದೆ. ಡಾಕ್ಟರು ಮೃದುವಾಗಿ ಹೇಳಿದರು ಅನ್ನುವುದು ಕಥೆಗೆ ಬೇಕೇ ಬೇಕು ಅಂದರೆ ನೀವು ಬರೆದದ್ದನ್ನೇ ಇಟ್ಟುಕೊಳ್ಳಿ.

ಕೊನೆಗೆ, ಅಪಾರ್ಟ್‌ಮೆಂಟ್ ಸಂಘದ ನಡಾವಳಿ ತಂದು ಹಾಕಿ ಅದರ ಇಂಗ್ಲಿಷು ಸರಿನಾ ಅಂತ ಕೇಳಿದ ಸರ್, ನಿಮ್ಮದು ಬೇರೆ ಪ್ರಶ್ನೆ ಅಂತ ಯಾರೋ ಬೈದಿದ್ದಾರೆ. ಅದು ಇದೇ ಪ್ರಶ್ನೆ. ‘ರಿಸಾಲ್ವ್ಡ್ ದಟ್ ದ ಟ್ರೆಷರರ್ ಈಸ್ ಆಥರೈಸ್ಡ್’ ಬದಲು ‘ಬಿ ಆಥರೈಸ್ಡ್’ ಆಗಬೇಕು, ಸಂಘ ಅಧಿಕಾರ ಕೊಡುತ್ತಿರುವುದೇ ಆ ಸಾಲಿನಿಂದ ತಾನೇ. ಲೋಕಸಭೆಯಲ್ಲೂ ಪ್ರಸ್ತಾವ ‘ದಟ್ ದ ಬಿಲ್ ಬಿ ಪಾಸ್ಡ್’ ಅಂತಲೇ ಬರುತ್ತದೆ. ಸಹಿ ಬಿದ್ದಿರುವ ಹಳೆಯ ಪುಟಗಳನ್ನು ಮುಟ್ಟಬೇಡಿ, ಅರ್ಥ ಯಾರಿಗೂ ತಪ್ಪಿಲ್ಲ. ಮುಂದಿನ ಸಭೆಯಿಂದ ಬದಲಿಸಿಕೊಂಡರೆ ಸಾಕು.